ಅಮ್ಮನ ಫೋನ್ ಚೀನೀ ಭಾಷೆಯಲ್ಲಿದೆ: ಸ್ಕ್ರೀನ್‌ಶಾಟ್ ನೋಡಿ ದೂರದಿಂದಲೇ ಸೆಟ್ಟಿಂಗ್ ಬದಲಿಸುವುದು ಹೇಗೆ

ಫೋನಿನ ಮೆನು ಪೂರ್ತಿ ಚೀನೀ ಅಕ್ಷರಗಳಲ್ಲಿದೆ. ಫೋನ್ ಅಮ್ಮನ ಕೈಯಲ್ಲಿದೆ, ನೀವು ಬೇರೆ ಊರಿನಲ್ಲಿದ್ದೀರಿ. ಅಮ್ಮ ಹೇಗೋ ಒಂದು ಸ್ಕ್ರೀನ್‌ಶಾಟ್ ಕಳುಹಿಸುತ್ತಾರೆ. ನೀವು ಅದನ್ನು ಅನುವಾದದ ಆ್ಯಪ್‌ನಲ್ಲಿ ತೆರೆದು, ಬಂದ ಅರ್ಥಗಳನ್ನೆಲ್ಲ ಜೋಡಿಸಿ, ‘ಸೆಟ್ಟಿಂಗ್ಸ್ ತೆರೆ, ಸಿಸ್ಟಂ ಒತ್ತು, ಆಮೇಲೆ ಭಾಷೆ ಒತ್ತು’ ಎಂದು ಅಚ್ಚುಕಟ್ಟಾಗಿ ಬರೆದು ಕಳುಹಿಸುತ್ತೀರಿ. ಕೆಲಸ ಕೆಡುವುದು ಇಲ್ಲಿಯೇ. ಅಮ್ಮನ ಪರದೆಯ ಮೇಲೆ ‘ಸಿಸ್ಟಂ’ ಎಂಬ ಪದವೇ ಇಲ್ಲ. ಅನುವಾದ ಬೇಕಾಗಿದ್ದದ್ದು ನಿಮಗೆ. ಅವರಿಗೆ ತಿಳಿಯಬೇಕಾದದ್ದು ಯಾವ ಆಕಾರದ ಅಕ್ಷರ, ಪರದೆಯ ಯಾವ ಜಾಗದಲ್ಲಿ, ಒತ್ತಿದ ಮೇಲೆ ಏನು ಕಾಣಬೇಕು ಎಂಬ ಮೂರು ಸಂಗತಿಗಳು ಮಾತ್ರ.

ಈ ಬರಹದಲ್ಲಿ ಆಂಡ್ರಾಯ್ಡ್ ಫೋನನ್ನು, ಅದರಲ್ಲೂ ಸರಳೀಕೃತ ಚೀನೀ ಲಿಪಿಯ ಪರದೆಯನ್ನು ಉದಾಹರಣೆಯಾಗಿ ಇಟ್ಟುಕೊಂಡಿದ್ದೇನೆ. ಬೇರೆ ಭಾಷೆಯಾದರೂ ವಿಧಾನ ಇದೇ, ಅಕ್ಷರಗಳು ಮಾತ್ರ ಬೇರೆ.

ಮೊದಲು: ಕೆಟ್ಟಿರುವುದು ಫೋನಿನ ಭಾಷೆಯೋ, ಒಂದು ಆ್ಯಪ್‌ನದೋ?

‘ಫೋನೆಲ್ಲಾ ಚೀನೀ ಆಗಿಹೋಗಿದೆ’ ಎಂಬ ದೂರಿನ ಹಿಂದೆ ಮೂರು ಬೇರೆ ಬೇರೆ ದೋಷಗಳಿರಬಹುದು. ಇಡೀ ಫೋನಿನ ಭಾಷೆ ಬದಲಾಗಿರಬಹುದು. ಒಂದೇ ಒಂದು ಆ್ಯಪ್‌ನ ಭಾಷೆ ಬದಲಾಗಿರಬಹುದು. ಇಲ್ಲವೇ ಕೀಬೋರ್ಡ್ ಮಾತ್ರ ಚೀನೀ ಆಗಿದ್ದು, ಬೆರಳಿಟ್ಟಲ್ಲೆಲ್ಲಾ ವಿಚಿತ್ರ ಅಕ್ಷರ ಬರುತ್ತಿರಬಹುದು. ಮೂರಕ್ಕೂ ದಾರಿ ಬೇರೆ. ಆದ್ದರಿಂದ ಮೊದಲ ಸ್ಕ್ರೀನ್‌ಶಾಟ್ ಸೆಟ್ಟಿಂಗ್ಸ್‌ನದಾಗಿರಬೇಕಾಗಿಲ್ಲ; ಲಾಕ್ ಆದ ಪರದೆಯದ್ದೋ, ಮೇಲಿನಿಂದ ಎಳೆದಾಗ ಇಳಿಯುವ ಅಧಿಸೂಚನೆಗಳ ಪರದೆಯದ್ದೋ ಸಾಕು. ಅಲ್ಲಿರುವ ದಿನಾಂಕ ನೋಡಿ. ತಿಂಗಳಿಗೆ 月, ದಿನಕ್ಕೆ 日 ಎಂಬ ಗುರುತು ಅಂಟಿಕೊಂಡು ‘10月5日’ ಎಂಬಂತೆ ಕಂಡರೆ ಫೋನಿನ ಭಾಷೆಯೇ ಬದಲಾಗಿದೆ. ದಿನಾಂಕ ಎಂದಿನ ಭಾಷೆಯಲ್ಲೇ ಇದ್ದು ಒಂದು ಆ್ಯಪ್ ಅಥವಾ ಕೀಬೋರ್ಡ್ ಮಾತ್ರ ಚೀನೀ ಆಗಿದ್ದರೆ, ಮುಂದಿನ ಹೆಜ್ಜೆಗಳನ್ನೆಲ್ಲ ಬಿಟ್ಟು ಕೊನೆಯ ಭಾಗಕ್ಕೆ ಹೋಗಿ. ಸುಮ್ಮನೆ ಇಡೀ ಫೋನಿನ ಭಾಷೆಯನ್ನು ಕೆದಕಬೇಡಿ.

ಸ್ಕ್ರೀನ್‌ಶಾಟ್ ತೆಗೆಯುವುದಕ್ಕೆ ಬಹುತೇಕ ಆಂಡ್ರಾಯ್ಡ್ ಫೋನ್‌ಗಳಲ್ಲಿ ಪವರ್ ಗುಂಡಿಯನ್ನೂ ಸದ್ದು ತಗ್ಗಿಸುವ ಗುಂಡಿಯನ್ನೂ ಒಟ್ಟಿಗೆ ಒತ್ತಬೇಕು. ಇದು ಭಾಷೆಗೆ ಸಂಬಂಧವಿಲ್ಲದ ಕೆಲಸವಾದ್ದರಿಂದ ಅಮ್ಮನಿಗೆ ಫೋನಿನಲ್ಲೇ ಹೇಳಿಕೊಡಬಹುದು. ಕಳುಹಿಸುವುದು ಸ್ವಲ್ಪ ಕಷ್ಟ, ಏಕೆಂದರೆ ವಾಟ್ಸ್ಆ್ಯಪ್ ಕೂಡ ಸಾಮಾನ್ಯವಾಗಿ ಫೋನಿನ ಭಾಷೆಯನ್ನೇ ಹಿಡಿದು ಚೀನೀ ಆಗಿರುತ್ತದೆ. ಆದರೆ ಹೆಸರು ಉಳಿಸಿಟ್ಟಿರುವುದು ಎಂದಿನ ಲಿಪಿಯಲ್ಲೇ ಇರುತ್ತದೆ, ನಿಮ್ಮ ಭಾವಚಿತ್ರವೂ ಅಲ್ಲೇ ಇರುತ್ತದೆ, ಕ್ಯಾಮೆರಾ ಮತ್ತು ಕ್ಲಿಪ್‌ನ ಚಿತ್ರಗಳೂ ಇದ್ದಲ್ಲೇ ಇರುತ್ತವೆ. ಅಷ್ಟು ಹೇಳಿದರೆ ಹಳೆಯ ರೂಢಿಯ ಮೇಲೆ ಕಳುಹಿಸಿಬಿಡುತ್ತಾರೆ. ಅದೂ ಆಗದಿದ್ದರೆ ಮನೆಯಲ್ಲಿರುವ ಇನ್ನೊಂದು ಫೋನಿನಿಂದ ಪರದೆಯ ಫೋಟೋ ತೆಗೆಸಿ. ಗೆರೆ ಗೆರೆಯಾಗಿ ಬಂದರೂ ಚಿಂತೆಯಿಲ್ಲ, ಪರದೆಯ ಮೇಲಂಚು ಕೆಳಂಚು ಎರಡೂ ಚಿತ್ರದೊಳಗೆ ಇರಬೇಕು. ಅರ್ಧ ಪರದೆಯ ಫೋಟೋದಲ್ಲಿ ಸಾಲು ಎಣಿಸಲು ಬರುವುದಿಲ್ಲ.

ಸ್ಕ್ರೀನ್‌ಶಾಟ್‌ನಲ್ಲಿ ಏನು ನೋಡಬೇಕು

ಮೊದಲ ಪ್ರಶ್ನೆ, ಇದು ನಿಜವಾಗಿ ಯಾವ ಭಾಷೆ? ‘ಚೀನೀ’ ಎಂದು ಮನೆಯವರು ಹೇಳಿದ್ದು ಜಪಾನೀ ಆಗಿರಬಹುದು. ‘ಭಾಷೆ’ ಎಂಬ ಪದವೇ ಇದನ್ನು ಬಿಡಿಸಿಕೊಡುತ್ತದೆ, ಹೇಗಿದ್ದರೂ ನಮಗೆ ಹುಡುಕಬೇಕಾದದ್ದು ಅದೇ ಪದ. ಸರಳೀಕೃತ ಚೀನೀಯಲ್ಲಿ ಅದು 语言. ಸಾಂಪ್ರದಾಯಿಕ ಚೀನೀಯಲ್ಲಿ 語言. ಜಪಾನೀಯಲ್ಲಿ ಅದೇ ಎರಡು ಅಕ್ಷರಗಳು ತಿರುಗುಮುರುಗಾಗಿ 言語 ಆಗುತ್ತವೆ. ಇದಲ್ಲದೆ ಜಪಾನೀ ಪರದೆಯಲ್ಲಿ の, と, を ಎಂಬ ಬಳುಕುವ ಸಣ್ಣ ಅಕ್ಷರಗಳು ನಡುನಡುವೆ ಇದ್ದೇ ಇರುತ್ತವೆ, ಚೀನೀಯಲ್ಲಿ ಅವು ಇರುವುದಿಲ್ಲ. ಕೊರಿಯನ್ ಆದರೆ ಅಕ್ಷರಗಳೊಳಗೆ ಸಣ್ಣ ಸೊನ್ನೆಗಳು ಕಾಣುತ್ತವೆ, ‘ಭಾಷೆ’ ಅಲ್ಲಿ 언어. ಅರೇಬಿಕ್ ಲಿಪಿಯ ಪರದೆಯಾದರೆ ಇಡೀ ವಿನ್ಯಾಸವೇ ಕನ್ನಡಿಯಲ್ಲಿ ಕಂಡಂತೆ ತಿರುಗಿರುತ್ತದೆ: ಚಿತ್ರಗಳು ಬಲಕ್ಕೆ, ಹಿಂದೆ ಹೋಗುವ ಬಾಣವೂ ಬಲಕ್ಕೆ, ಸಂದೇಶಪೆಟ್ಟಿಗೆಯಲ್ಲಿ ಒಪ್ಪಿಗೆಯ ಗುಂಡಿ ಎಡಕ್ಕೆ. ಅಂಥ ಫೋನಿಗೆ ‘ಬಲಗಡೆಯ ಗುಂಡಿ ಒತ್ತು’ ಎಂದು ರೂಢಿಯಂತೆ ಹೇಳಿದರೆ ಅದು ರದ್ದು ಮಾಡುವ ಗುಂಡಿಯಾಗಿರುತ್ತದೆ.

ಎರಡನೆಯದು, ಬದಲಾಗದೆ ಉಳಿದ ಗುರುತುಗಳು. ಭಾಷೆ ಯಾವುದಾದರೂ ಕೆಲವು ಪದಗಳು ರೋಮನ್ ಲಿಪಿಯಲ್ಲೇ ಉಳಿಯುತ್ತವೆ: Google, NFC, SIM. ಸೆಟ್ಟಿಂಗ್ಸ್ ಪಟ್ಟಿಯಲ್ಲಿ ‘Google’ ಎಂಬ ಸಾಲು ಕಂಡರೆ ಅದು ಗೂಟ ಹೊಡೆದ ಜಾಗವಿದ್ದಂತೆ. ಅಲ್ಲಿಂದ ಮೇಲೆ ಎಷ್ಟು, ಕೆಳಗೆ ಎಷ್ಟು ಎಂದು ಎಣಿಸಬಹುದು. ಎಣಿಸುವಾಗ ಪಟ್ಟಿಯ ತಲೆಯಿಂದ ಎಣಿಸಬೇಡಿ. ತಲೆಯ ಮೇಲೆ ಖಾತೆಯ ಹೆಸರು, ‘ಬ್ಯಾಟರಿ ಉಳಿಸಿ’ ಎಂಬಂಥ ಸಲಹೆಯ ಚೀಟಿಗಳು ಬಂದು ಹೋಗುತ್ತಿರುತ್ತವೆ. ನೀವು ನಾಲ್ಕನೆಯದು ಎಂದದ್ದು ಅಮ್ಮನಿಗೆ ಐದನೆಯದಾಗಿರುತ್ತದೆ. ಪಟ್ಟಿಯ ಬುಡ ಅಷ್ಟು ಅಲುಗಾಡುವುದಿಲ್ಲ. ‘ಕೊನೆಯವರೆಗೂ ಮೇಲಕ್ಕೆ ತಳ್ಳು, ಇನ್ನು ಜರುಗದು ಎನ್ನುವವರೆಗೆ. ಅಲ್ಲಿಂದ ಮೇಲಕ್ಕೆ ಎಣಿಸು’ ಎಂದರೆ ಇಬ್ಬರ ಲೆಕ್ಕವೂ ಒಂದೇ ಆಗುತ್ತದೆ.

ಮೂರನೆಯದು, ಫೋನ್ ಯಾರದು ಎಂಬುದು. ಭಾಷೆಯ ಸಾಲು ಎಲ್ಲ ಕಂಪನಿಗಳ ಫೋನ್‌ಗಳಲ್ಲೂ ಒಂದೇ ಜಾಗದಲ್ಲಿಲ್ಲ. ಗೂಗಲ್‌ನ ಸಾದಾ ಆಂಡ್ರಾಯ್ಡ್‌ನಲ್ಲಿ ಅದು 系统 (ಸಿಸ್ಟಂ) ಒಳಗಿದೆ. ಸ್ಯಾಮ್‌ಸಂಗ್‌ನಲ್ಲಿ 常规管理, ಅಂದರೆ ಸಾಮಾನ್ಯ ನಿರ್ವಹಣೆಯ ಒಳಗಿದೆ. ಶವೋಮಿ ಫೋನ್‌ಗಳಲ್ಲಿ 更多设置, ಅಂದರೆ ಇನ್ನಷ್ಟು ಸೆಟ್ಟಿಂಗ್‌ಗಳ ಒಳಗಿದೆ. ಮೂರರಲ್ಲೂ ಒಳಗೆ ಹೋದ ಮೇಲೆ 语言 ಎಂಬ ಎರಡಕ್ಷರ ಇರುವ ಸಾಲನ್ನೇ ಹಿಡಿಯಬೇಕು. ಆದ್ದರಿಂದ ಇಡೀ ದಾರಿಯನ್ನು ಅಮ್ಮನಿಗೆ ಕಲಿಸುವುದರ ಬದಲು ಈ ಎರಡು ಅಕ್ಷರಗಳ ರೂಪವನ್ನು ಕಣ್ಣಿಗೆ ಪರಿಚಯ ಮಾಡಿಸಿಬಿಟ್ಟರೆ ಅರ್ಧ ಕೆಲಸ ಮುಗಿಯಿತು. ದೊಡ್ಡದಾಗಿ ಒಂದು ಹಾಳೆಯ ಮೇಲೆ ಬರೆದು ಫೋಟೋ ತೆಗೆದು ಕಳುಹಿಸಿದರೂ ಸರಿ.

ಅನುವಾದದ ಆ್ಯಪ್ ಬಗ್ಗೆ ಒಂದು ಮಾತು. ಅದು ಸ್ಕ್ರೀನ್‌ಶಾಟ್‌ನ ಮೂಲ ಅಕ್ಷರಗಳನ್ನು ಮುಚ್ಚಿ ಅವುಗಳ ಮೇಲೆಯೇ ಅರ್ಥವನ್ನು ಬರೆಯುತ್ತದೆ. ನಿಮಗೆ ಓದಲು ಅನುಕೂಲ, ಆದರೆ ಅದೇ ಚಿತ್ರವನ್ನು ಅಮ್ಮನಿಗೆ ಕಳುಹಿಸಿದರೆ ಅವರ ಪರದೆಗೆ ಅದು ಎಲ್ಲಿಯೂ ತಾಳೆಯಾಗುವುದಿಲ್ಲ. ಅನುವಾದವಾದ ಚಿತ್ರವನ್ನು ನೀವು ಇಟ್ಟುಕೊಳ್ಳಿ, ಗುರುತು ಹಾಕುವುದು ಮಾತ್ರ ಮೂಲ ಚಿತ್ರದ ಮೇಲೆ. ಅರ್ಥವೂ ಕೆಲವೊಮ್ಮೆ ಪದಶಃ ಬರುತ್ತದೆ. 无障碍 ಎಂಬುದಕ್ಕೆ ‘ಅಡೆತಡೆಯಿಲ್ಲ’ ಎಂದು ಬಂದರೆ ಗಾಬರಿಯಾಗಬೇಡಿ, ಅದು ನಮ್ಮ ಫೋನ್‌ಗಳಲ್ಲಿ ‘ಆ್ಯಕ್ಸೆಸಿಬಿಲಿಟಿ’ ಎಂದು ಕಾಣುವ ಸಾಲು.

ಒಂದು ಪ್ರಕರಣ, ಮೊದಲಿನಿಂದ ಕೊನೆಯವರೆಗೆ

ಗೆಳತಿಯೊಬ್ಬಳ ತಾಯಿಗೆ ವಿದೇಶದಿಂದ ಬಂದ ನೆಂಟರು ತಾವು ಬಳಸಿದ್ದ ಫೋನನ್ನು ಕೊಟ್ಟಿದ್ದರು. ಸಾದಾ ಆಂಡ್ರಾಯ್ಡ್, ಆವೃತ್ತಿ 12. ಎಲ್ಲ ಅಳಿಸಿ ಹೊಸದಾಗಿ ಶುರುಮಾಡಿದಾಗ ಮೊದಲ ಪರದೆಯಲ್ಲಿ ಭಾಷೆ ಆರಿಸದೆ ಮುಂದೆ ಹೋಗಿದ್ದರಿಂದ ಮೆನು ಚೀನೀಯಲ್ಲೇ ಉಳಿದಿತ್ತು. ಕರೆ ಮಾಡಲು, ಫೋಟೋ ನೋಡಲು ಚಿತ್ರಗಳ ಗುರುತೇ ಸಾಕಾಗಿತ್ತು, ಆದ್ದರಿಂದ ಅವರು ಹಾಗೆಯೇ ಬಳಸುತ್ತಿದ್ದರು. ಅವರ ದೂರು ಭಾಷೆಯದ್ದೂ ಆಗಿರಲಿಲ್ಲ: ಅಕ್ಷರ ಸಣ್ಣದು, ಕಾಣುವುದಿಲ್ಲ, ದೊಡ್ಡದು ಮಾಡಿಕೊಡು ಎಂಬುದಷ್ಟೇ.

ಅಕ್ಷರದ ಗಾತ್ರ ಬದಲಿಸಲು ಚೀನೀಯಲ್ಲೇ ದಾರಿ ಹೇಳಬಹುದಿತ್ತು. ಆದರೆ ನನ್ನ ಅಭಿಪ್ರಾಯ ಸ್ಪಷ್ಟ: ಫೋನ್ ಅಮ್ಮನದೇ ಆಗಿದ್ದು, ಅದರ ಭಾಷೆ ಮನೆಯಲ್ಲಿ ಯಾರಿಗೂ ಬರುವುದಿಲ್ಲವಾದರೆ, ಕೇಳಿದ್ದು ಯಾವ ಸೆಟ್ಟಿಂಗ್ ಆದರೂ ಮೊದಲು ಬದಲಿಸಬೇಕಾದದ್ದು ಭಾಷೆಯನ್ನು. ಇಂದು ಅಕ್ಷರದ ಗಾತ್ರಕ್ಕೆ ಒಮ್ಮೆ ಕಾಡಿನಲ್ಲಿ ದಾರಿ ಮಾಡಿದರೆ, ನಾಳೆ ರಿಂಗ್‌ಟೋನಿಗೆ ಮತ್ತೆ ಮಾಡಬೇಕು.

ಅವರು ಕಳುಹಿಸಿದ ಸ್ಕ್ರೀನ್‌ಶಾಟ್‌ನಲ್ಲಿ ಸೆಟ್ಟಿಂಗ್ಸ್ ಪಟ್ಟಿಯ ಕೆಳಭಾಗವಿತ್ತು. ರೋಮನ್ ಲಿಪಿಯ ‘Google’ ಸಾಲು, ಅದರ ಕೆಳಗೆ 系统, ಅದರ ಕೆಳಗೆ 关于手机 (ಫೋನ್ ಬಗ್ಗೆ), ತೀರಾ ಕೊನೆಗೆ ಸಲಹೆ ಮತ್ತು ಸಹಾಯದ ಸಾಲು. ದಾರಿ ಹೀಗಿತ್ತು:

```
设置 > 系统 > 语言和输入法 > 语言 > 添加语言
```

ಅಂದರೆ ಸೆಟ್ಟಿಂಗ್ಸ್, ಸಿಸ್ಟಂ, ಭಾಷೆ ಮತ್ತು ಇನ್‌ಪುಟ್, ಭಾಷೆ, ಭಾಷೆ ಸೇರಿಸಿ. ಈ ಸಾಲು ನಮಗಾಗಿ. ಅಮ್ಮನಿಗೆ ಹೋದದ್ದು ಬಿಡಿ ಬಿಡಿ ಸಂದೇಶಗಳು, ಒಂದು ಸಂದೇಶಕ್ಕೆ ಒಂದೇ ಒತ್ತು. ಪ್ರತಿಯೊಂದರ ಜೊತೆಗೂ ಅವರದೇ ಪರದೆಯ ಚಿತ್ರ, ಒತ್ತಬೇಕಾದ ಸಾಲಿನ ಸುತ್ತ ಕೆಂಪು ಗೆರೆ. ಉತ್ತರವಾಗಿ ಹೊಸ ಪರದೆಯ ಸ್ಕ್ರೀನ್‌ಶಾಟ್ ಬರುವವರೆಗೆ ಮುಂದಿನ ಸಂದೇಶ ಹೋಗಲಿಲ್ಲ.

‘ಅಮ್ಮಾ, ಸೆಟ್ಟಿಂಗ್ಸ್‌ನ ಹಲ್ಲುಚಕ್ರದ ಚಿತ್ರ ಒತ್ತು. ಪಟ್ಟಿಯನ್ನು ಕೊನೆಯವರೆಗೆ ಮೇಲಕ್ಕೆ ತಳ್ಳು. ಇಂಗ್ಲಿಷ್‌ನಲ್ಲಿ Google ಎಂದು ಬರೆದಿರುವ ಸಾಲು ಕಾಣುತ್ತದೆ. ಅದನ್ನು ಒತ್ತಬೇಡ, ಅದರ ಕೆಳಗಿನದನ್ನು ಒತ್ತು. ಎರಡೇ ಅಕ್ಷರ: 系统. ಒತ್ತಿದ ಮೇಲೆ ಬಂದದ್ದರ ಚಿತ್ರ ಕಳುಹಿಸು.’

‘ಈಗ ಮೊದಲನೆಯ ಸಾಲಿನಲ್ಲಿ ಗೋಲದ ಚಿತ್ರ ಇದೆ, ಭೂಮಿಯ ಹಾಗೆ. ಅದನ್ನು ಒತ್ತು. ಈ ಪುಟದ ಕೆಳಗಿನ ಸಾಲುಗಳ ತಂಟೆಗೆ ಹೋಗಬೇಡ.’

‘ಈಗ ಮೇಲಿನ ಸಾಲು ನೋಡು: 语言. ಅದರ ಕೆಳಗೆ ಸಣ್ಣದಾಗಿ 简体中文 ಎಂದಿದೆ. ಅದನ್ನೇ ಒತ್ತು.’

‘ಇಲ್ಲಿ 1 ಎಂಬ ಅಂಕೆಯ ಪಕ್ಕ ಚೀನೀ ಇದೆ. ಅದರ ಕೆಳಗೆ ಕೂಡಿಸುವ ಗುರುತು + ಇದೆ. ಅದನ್ನು ಒತ್ತು.’

‘ಈಗ ಉದ್ದದ ಪಟ್ಟಿ ಬರುತ್ತದೆ. ನಿಧಾನವಾಗಿ ತಳ್ಳುತ್ತಾ ಹೋಗು. ಕನ್ನಡ ಎಂದು ಕನ್ನಡದಲ್ಲೇ ಬರೆದಿರುತ್ತದೆ. ಸಿಕ್ಕ ಕೂಡಲೇ ಒತ್ತು.’

ಕೊನೆಯ ಸಂದೇಶದಲ್ಲಿ ಹೇಳಿದ್ದೇ ಈ ಇಡೀ ಕೆಲಸವನ್ನು ಸಾಧ್ಯ ಮಾಡುವ ಸಂಗತಿ. ಭಾಷೆಗಳ ಪಟ್ಟಿಯಲ್ಲಿ ಪ್ರತಿ ಭಾಷೆಯ ಹೆಸರೂ ಅದರದೇ ಲಿಪಿಯಲ್ಲಿರುತ್ತದೆ. ಮೆನು ಚೀನೀ ಇರಲಿ, ಅರೇಬಿಕ್ ಇರಲಿ, ‘ಕನ್ನಡ’ ಎಂಬುದು ಕನ್ನಡವಾಗಿಯೇ ಇರುತ್ತದೆ. ಆಂಡ್ರಾಯ್ಡ್‌ಗೆ ಕನ್ನಡ ಮೆನು ಬಂದದ್ದು 2014ರ ಆವೃತ್ತಿ 5.0ರಲ್ಲಿ, ಹಾಗಾಗಿ ಅದಕ್ಕಿಂತ ಈಚಿನ ಸಾದಾ ಆಂಡ್ರಾಯ್ಡ್‌ನಲ್ಲಿ ಅದು ಸಿಗಬೇಕು. ಪಟ್ಟಿಯ ತಲೆಯಲ್ಲಿ ಸೂಚಿತ ಭಾಷೆಗಳೆಂದು ಕೆಲವು ಪ್ರತ್ಯೇಕವಾಗಿರುತ್ತವೆ. ಫೋನಿನಲ್ಲಿರುವ ಸಿಮ್ ಯಾವ ದೇಶದ್ದೋ ಆ ದೇಶದ ಭಾಷೆಗಳು ಅಲ್ಲಿ ಸೇರಿಕೊಳ್ಳುತ್ತವೆ. ಸಿಮ್ ಹಾಕಿದ ಫೋನಿನಲ್ಲಿ ಹುಡುಕಾಟ ಬೇಗ ಮುಗಿಯುವುದು ಇದರಿಂದ.

ಸೇರಿಸಿದರೂ ಬದಲಾಗಲಿಲ್ಲ

ಹೆಚ್ಚಿನವರು ಸೋಲುವುದು ಇಲ್ಲಿ. ಅಮ್ಮ ‘ಕನ್ನಡ’ ಒತ್ತಿದರು, ಹಿಂದಿನ ಪುಟಕ್ಕೆ ಬಂದರು, ಆದರೆ ಪರದೆ ಇನ್ನೂ ಚೀನೀಯಲ್ಲೇ ಇತ್ತು. ‘ಆಗಲಿಲ್ಲ, ಬಿಡು’ ಎಂದು ಉತ್ತರ ಬಂತು. ಸ್ಕ್ರೀನ್‌ಶಾಟ್ ನೋಡಿದರೆ ಎಲ್ಲವೂ ಸರಿಯಾಗಿತ್ತು: 1ರ ಪಕ್ಕ ಚೀನೀ, 2ರ ಪಕ್ಕ ಕನ್ನಡ. 2016ರ ಆಂಡ್ರಾಯ್ಡ್ 7.0ರಿಂದ ಈಚೆಗೆ ಫೋನ್ ಒಂದೇ ಭಾಷೆಯನ್ನಲ್ಲ, ಭಾಷೆಗಳ ಸರದಿಯನ್ನು ಇಟ್ಟುಕೊಳ್ಳುತ್ತದೆ. ಸೇರಿಸಿದ ಭಾಷೆ ಸರದಿಯ ಕೊನೆಗೆ ನಿಲ್ಲುತ್ತದೆ, ಮೆನು ಕಾಣುವುದು ಸರದಿಯ ತಲೆಯಲ್ಲಿರುವ ಭಾಷೆಯಲ್ಲಿ. ಕನ್ನಡವನ್ನು ಎತ್ತಿ ಮೇಲಕ್ಕಿಡಬೇಕು.

ಸಾಲಿನ ಬಲತುದಿಯಲ್ಲಿ ಎರಡು ಅಡ್ಡಗೆರೆಗಳ ಗುರುತಿದೆ. ಅದರ ಮೇಲೆ ಬೆರಳಿಟ್ಟು, ಬೆರಳೆತ್ತದೆ, ಮೊದಲನೆಯ ಸಾಲಿನ ಮೇಲಕ್ಕೆ ಎಳೆದು ಬಿಡಬೇಕು. ಬಿಟ್ಟ ಕ್ಷಣವೇ ಇಡೀ ಪರದೆ ಕನ್ನಡಕ್ಕೆ ತಿರುಗುತ್ತದೆ. ಹೊಸ ಆವೃತ್ತಿಗಳಲ್ಲಿ ನಡುವೆ ಒಂದು ಪ್ರಶ್ನೆ ಬರುತ್ತದೆ. ಅದರಲ್ಲಿ 更改 ಎಂದರೆ ಬದಲಿಸು, 取消 ಎಂದರೆ ಬೇಡ.

ಆದರೆ ವಯಸ್ಸಾದವರ ಬೆರಳಿಗೆ ಈ ಎಳೆದಾಟ ಸುಲಭವಲ್ಲ. ಒಣಗಿದ ಚರ್ಮದ ಬೆರಳು ನಡುದಾರಿಯಲ್ಲಿ ಹಿಡಿತ ಬಿಡುತ್ತದೆ, ಸಾಲು ಮತ್ತೆ ಕೆಳಗೆ ಜಾರುತ್ತದೆ. ಎರಡು ಸಲ ಹೀಗಾದರೆ ಹಟ ಹಿಡಿಯದೆ ಇನ್ನೊಂದು ದಾರಿ ಹಿಡಿಯಿರಿ: ಚೀನೀಯನ್ನೇ ತೆಗೆದುಹಾಕುವುದು. ಇದೇ ಪುಟದ ಮೇಲ್ತುದಿಯಲ್ಲಿ ಬಲಕ್ಕೆ ಮೂರು ಚುಕ್ಕೆಗಳಿವೆ, ಒತ್ತಿದರೆ 移除 ಎಂಬ ಒಂದೇ ಆಯ್ಕೆ ಬರುತ್ತದೆ. ಅದನ್ನು ಒತ್ತಿದಾಗ ಪ್ರತಿ ಭಾಷೆಯ ಪಕ್ಕ ಚೌಕ ಮೂಡುತ್ತದೆ. ಚೀನೀಯ ಚೌಕಕ್ಕೆ ಗುರುತು ಹಾಕಿ, ಮೇಲೆ ಬರುವ ಕಸದ ಬುಟ್ಟಿಯ ಚಿತ್ರ ಒತ್ತಿ, ಪ್ರಶ್ನೆಗೆ ಒಪ್ಪಿಗೆ ಕೊಟ್ಟರೆ ಸರದಿಯಲ್ಲಿ ಉಳಿಯುವುದು ಕನ್ನಡವೊಂದೇ. ಎಳೆಯುವ ಕೆಲಸವೇ ಇಲ್ಲ. ಈ ಪ್ರಕರಣದಲ್ಲಿ ಕೆಲಸ ಮುಗಿದದ್ದು ಹೀಗೆಯೇ. ‘ಕನ್ನಡ ಬಂತು’ ಎಂಬ ಸಂದೇಶದ ಜೊತೆ ಬಂದ ಚಿತ್ರದಲ್ಲಿ ಸೆಟ್ಟಿಂಗ್ಸ್ ಪುಟ ಪೂರ್ತಿ ಕನ್ನಡವಾಗಿತ್ತು. ಅಕ್ಷರದ ಗಾತ್ರಕ್ಕೆ ಅವರಿಗೆ ನಮ್ಮ ನೆರವೇ ಬೇಕಾಗಲಿಲ್ಲ, ಡಿಸ್‌ಪ್ಲೇ ಎಂಬುದನ್ನು ಓದಿ ತಾವೇ ಒಳಗೆ ಹೋದರು.

ಸ್ಯಾಮ್‌ಸಂಗ್‌ನಲ್ಲಿ ಈ ತೊಡಕು ಕಡಿಮೆ. ಭಾಷೆ ಆರಿಸಿದ ಕೂಡಲೇ ಎರಡು ಗುಂಡಿಗಳ ಪೆಟ್ಟಿಗೆ ಬರುತ್ತದೆ, 默认 ಎಂಬ ಎರಡಕ್ಷರ ಯಾವುದರಲ್ಲಿದೆಯೋ ಅದನ್ನು ಒತ್ತಬೇಕು. ಆ ಪದಕ್ಕೆ ‘ಡಿಫಾಲ್ಟ್’ ಎಂದು ಅರ್ಥ. ಇನ್ನೊಂದು ಗುಂಡಿ ಇದ್ದ ಭಾಷೆಯನ್ನೇ ಉಳಿಸಿಕೊಳ್ಳುತ್ತದೆ.

ದಾರಿ ತಪ್ಪಿದಾಗ, ಮತ್ತು ಮುಟ್ಟಬಾರದ ಸಾಲು

ಮೇಲಿನ ಎರಡನೆಯ ಸಂದೇಶದಲ್ಲಿ ‘ಕೆಳಗಿನ ಸಾಲುಗಳ ತಂಟೆಗೆ ಹೋಗಬೇಡ’ ಎಂದದ್ದು ಸುಮ್ಮನೆ ಅಲ್ಲ. ಭಾಷೆಯ ಸಾಲು ಇರುವ ಅದೇ ಸಿಸ್ಟಂ ಪುಟದ ಕೆಳಗೆ 重置选项 ಎಂಬ ಸಾಲಿದೆ. ಅದು ಮರುಹೊಂದಿಸುವ ಆಯ್ಕೆಗಳ ಪುಟ, ಅದರೊಳಗೆ 清除所有数据 ಎಂದರೆ ಎಲ್ಲ ಮಾಹಿತಿಯನ್ನೂ ಅಳಿಸುವುದು. ಪರದೆಯ ಗುಪ್ತಸಂಖ್ಯೆ ಕೇಳಿ, ಮತ್ತೊಮ್ಮೆ ದೃಢಪಡಿಸಿ ಎಂದ ಮೇಲೆಯೇ ಅಳಿಸುತ್ತದೆ, ನಿಜ. ಆದರೆ ಏನು ಕೇಳುತ್ತಿದೆ ಎಂದು ಓದಲಾಗದವರು ಕೇಳಿದ್ದಕ್ಕೆಲ್ಲ ಒಪ್ಪಿಗೆ ಕೊಡುತ್ತಾ ಹೋಗುತ್ತಾರೆ. ಆದ್ದರಿಂದ ಮೊದಲೇ ಒಂದು ಕಟ್ಟಪ್ಪಣೆ ಮಾಡಿ: 重置 ಅಥವಾ 清除 ಎಂಬ ಅಕ್ಷರಗಳು ಎಲ್ಲಿ ಕಂಡರೂ ಅಲ್ಲಿಂದ ಹಿಂದಕ್ಕೆ ಬರಬೇಕು, ಗುಪ್ತಸಂಖ್ಯೆ ಕೇಳಿದರೆ ಏನೂ ಒತ್ತದೆ ಕರೆ ಮಾಡಬೇಕು. ಭಾಷೆ ಬದಲಿಸುವ ದಾರಿಯಲ್ಲಿ ಗುಪ್ತಸಂಖ್ಯೆ ಕೇಳುವ ಪುಟವೇ ಇಲ್ಲ. ಕೇಳಿದೆ ಎಂದರೆ ದಾರಿ ತಪ್ಪಿದೆ ಎಂದೇ ಅರ್ಥ.

ದಾರಿ ತಪ್ಪಿದರೆ ಅಲ್ಲಿಂದಲೇ ತಿದ್ದಲು ಹೋಗಬೇಡಿ. ‘ಎರಡು ಸಲ ಹಿಂದೆ ಬಾ, ಆಮೇಲೆ ಎಡಕ್ಕೆ’ ಎಂದರೆ ಇನ್ನಷ್ಟು ಗೋಜಲು. ತೆರೆದಿರುವ ಆ್ಯಪ್‌ಗಳ ಪಟ್ಟಿಯಿಂದ ಸೆಟ್ಟಿಂಗ್ಸ್ ಅನ್ನು ತಳ್ಳಿ ಮುಚ್ಚಿಸಿ, ಹಲ್ಲುಚಕ್ರದಿಂದ ಮತ್ತೆ ಶುರು ಮಾಡಿಸಿ. ಬರೀ ಹೊರಗೆ ಬಂದು ಮತ್ತೆ ತೆರೆದರೆ ಸೆಟ್ಟಿಂಗ್ಸ್ ಹಿಂದೆ ಬಿಟ್ಟ ಪುಟದಲ್ಲೇ ತೆರೆದುಕೊಳ್ಳುವುದುಂಟು, ಆಗ ನಿಮ್ಮ ಎಣಿಕೆಯೆಲ್ಲ ತಪ್ಪುತ್ತದೆ.

ಪಟ್ಟಿಯಲ್ಲಿ ಸಾಲೇ ಸಿಗದಿದ್ದರೆ ಹುಡುಕುವ ಪೆಟ್ಟಿಗೆ ಬಳಸಬಹುದು. ಸೆಟ್ಟಿಂಗ್ಸ್‌ನ ಮೇಲ್ಭಾಗದಲ್ಲಿ ಭೂತಗನ್ನಡಿಯ ಗುರುತಿರುತ್ತದೆ. ಅಮ್ಮ ಅಲ್ಲಿ ಚೀನೀ ಅಕ್ಷರ ಟೈಪ್ ಮಾಡಬೇಕಾಗಿಲ್ಲ. ನೀವು ವಾಟ್ಸ್ಆ್ಯಪ್‌ನಲ್ಲಿ 语言 ಎಂಬುದನ್ನಷ್ಟೇ ಒಂದು ಸಂದೇಶವಾಗಿ ಕಳುಹಿಸಿ, ಜೊತೆಗೆ ಬೇರೆ ಪದ ಬೇಡ. ಅಮ್ಮ ಆ ಸಂದೇಶವನ್ನು ಒತ್ತಿಹಿಡಿದು ನಕಲು ಮಾಡಲಿ. ಮೇಲೆ ಒಂದರ ಮೇಲೊಂದು ಇರುವ ಎರಡು ಹಾಳೆಗಳ ಚಿತ್ರ ಬಂದರೆ ಅದೇ, ಅಕ್ಷರದಲ್ಲಾದರೆ 复制. ಆಮೇಲೆ ಹುಡುಕುವ ಪೆಟ್ಟಿಗೆಯಲ್ಲಿ ಬೆರಳನ್ನು ಒತ್ತಿಹಿಡಿದಾಗ ಬರುವ 粘贴 ಎಂಬುದನ್ನು ಒತ್ತಲಿ. ಭಾಷೆಗೆ ಸಂಬಂಧಪಟ್ಟ ಪುಟಗಳೆಲ್ಲ ಪಟ್ಟಿಯಾಗಿ ಬರುತ್ತವೆ. ಕಂಪನಿ ಯಾವುದು, ಆವೃತ್ತಿ ಯಾವುದು ಎಂದು ತಿಳಿಯದಿದ್ದಾಗ ನಾನು ಮೊದಲು ಪ್ರಯತ್ನಿಸುವುದು ಇದನ್ನೇ.

ವಾಟ್ಸ್ಆ್ಯಪ್ ವಿಡಿಯೊ ಕರೆಯಲ್ಲಿ ಪರದೆ ಹಂಚಿಕೊಳ್ಳುವ ಸೌಲಭ್ಯ 2023ರಿಂದ ಇದೆ. ಒಂದೊಂದೇ ಸ್ಕ್ರೀನ್‌ಶಾಟ್‌ಗಿಂತ ಅದು ಬೇಗ ಎನ್ನಿಸುತ್ತದೆ, ಆದರೆ ಅದನ್ನು ಶುರು ಮಾಡುವ ಅನುಮತಿಯ ಪೆಟ್ಟಿಗೆಯೂ ಚೀನೀಯಲ್ಲೇ ಇರುತ್ತದೆ: 立即开始 ಎಂದರೆ ಈಗ ಶುರು ಮಾಡು. ಹೊಸ ಫೋನ್‌ಗಳು ಒಂದು ಆ್ಯಪ್ ತೋರಿಸಬೇಕೋ ಇಡೀ ಪರದೆ ತೋರಿಸಬೇಕೋ ಎಂದೂ ಕೇಳುತ್ತವೆ, 整个屏幕 ಎಂಬುದು ಇಡೀ ಪರದೆ. ಹಂಚಿಕೊಂಡಿರುವಾಗ ಬರುವ ಸಂದೇಶಗಳು, ಒಟಿಪಿಗಳು ಎದುರಿನವರಿಗೂ ಕಾಣಬಹುದು. ಆದ್ದರಿಂದ ಇದು ಮನೆಯವರ ನಡುವೆ ಮಾತ್ರ. ಭಾಷೆ ಬದಲಿಸಿಕೊಡುತ್ತೇವೆ ಎನ್ನುವ ಅಪರಿಚಿತರಿಗೆ ಪರದೆ ತೋರಿಸುವುದಾಗಲಿ, ಫೋನನ್ನು ದೂರದಿಂದ ನಡೆಸುವ ಆ್ಯಪ್ ಹಾಕಿಸಿಕೊಳ್ಳುವುದಾಗಲಿ ಬೇಡವೇ ಬೇಡ.

ಪಟ್ಟಿಯಲ್ಲಿ ಕನ್ನಡವೇ ಇಲ್ಲ

ಚೀನಾದ ಮಾರುಕಟ್ಟೆಗೆಂದೇ ತಯಾರಾದ ಕೆಲವು ಫೋನ್‌ಗಳಲ್ಲಿ ಭಾಷೆಗಳ ಪಟ್ಟಿ ತೀರಾ ಚಿಕ್ಕದು: 简体中文, 繁體中文, English, ಅದರಾಚೆ ಹೆಚ್ಚೇನೂ ಇರುವುದಿಲ್ಲ. ಎಷ್ಟು ತಳ್ಳಿದರೂ ಕನ್ನಡ ಬರುವುದಿಲ್ಲ, ಅದು ಅಮ್ಮನ ಹುಡುಕಾಟದ ದೋಷವಲ್ಲ. ಅಂಥ ಫೋನಿನಲ್ಲಿ English ಆರಿಸಿ ಅಲ್ಲಿಗೆ ನಿಲ್ಲಿಸಿ. ಬೇರೆ ದೇಶದ ತಂತ್ರಾಂಶವನ್ನು ಹಾಕಿಸಿದರೆ ಕನ್ನಡ ಬರುತ್ತದೆ ಎಂದು ಹೇಳುವವರಿದ್ದಾರೆ. ಅದಕ್ಕೆ ತಂತ್ರಾಂಶ ಬದಲಿಸದಂತೆ ಕಂಪನಿ ಹಾಕಿರುವ ಬೀಗವನ್ನೇ ತೆರೆಯಬೇಕಾಗುತ್ತದೆ, ಒಳಗಿನದೆಲ್ಲ ಅಳಿಯುತ್ತದೆ, ಆಮೇಲೆ ಬ್ಯಾಂಕಿನ ಆ್ಯಪ್‌ಗಳು ಆ ಫೋನಿನಲ್ಲಿ ತೆರೆಯಲು ಒಪ್ಪದಿರಬಹುದು. ಮೆನುವಿನ ಭಾಷೆಗಾಗಿ ಅಷ್ಟು ದೂರ ಹೋಗುವುದು ನನಗೆ ಸರಿ ಕಾಣುವುದಿಲ್ಲ.

ಕನ್ನಡ ಇದ್ದರೂ ಇಂಗ್ಲಿಷ್ ಮೆನುವಿಗೆ ಒಗ್ಗಿದ ಅಪ್ಪ ಅಮ್ಮಂದಿರಿದ್ದಾರೆ. ಹಳೆಯ ಫೋನ್ ಯಾವ ಭಾಷೆಯಲ್ಲಿತ್ತೋ ಅದನ್ನೇ ಕೇಳಿ ಹಾಕಿ.

ಬದಲಾದ ಮೇಲೂ ಅಲ್ಲಲ್ಲಿ ಉಳಿದ ಚೀನೀ

ಮೆನು ಕನ್ನಡವಾಗಿ, ಕೆಲವು ಆ್ಯಪ್‌ಗಳು ಮಾತ್ರ ಹಟ ಹಿಡಿದಂತೆ ಚೀನೀಯಲ್ಲೇ ಉಳಿದರೆ ಮೊದಲು ಭಾಷೆಗಳ ಸರದಿಯನ್ನು ನೋಡಿ. ಎಳೆದು ಮೇಲಕ್ಕಿಟ್ಟವರಲ್ಲಿ 1 ಕನ್ನಡ, 2 ಚೀನೀ ಎಂದಿರುತ್ತದೆ. ಕನ್ನಡವನ್ನು ಒದಗಿಸದ ಆ್ಯಪ್ ಸರದಿಯ ಮುಂದಿನ ಭಾಷೆಗೆ ಹೋಗುತ್ತದೆ, ಮುಂದಿನದು ಚೀನೀ ಆಗಿದ್ದರೆ ಅದನ್ನೇ ತೋರಿಸುತ್ತದೆ. ಚೀನೀಯನ್ನು ತೆಗೆದು ಎರಡನೆಯ ಜಾಗಕ್ಕೆ ಇಂಗ್ಲಿಷ್ ಸೇರಿಸಿದರೆ ಇದು ಸರಿಹೋಗುತ್ತದೆ. ಇಂಗ್ಲಿಷ್ ಸೇರಿಸುವಾಗ ದೇಶ ಯಾವುದೆಂದು ಇನ್ನೊಂದು ಪಟ್ಟಿ ಕೇಳುತ್ತದೆ, ನಿಮ್ಮ ದೇಶವನ್ನೇ ಆರಿಸಿ. ದಿನಾಂಕ ಬರೆಯುವ ಕ್ರಮ ಅದರ ಮೇಲೆ ನಿಂತಿರುತ್ತದೆ.

ಒಂದೇ ಆ್ಯಪ್ ಉಳಿದಿದ್ದರೆ ಅದರದೇ ಭಾಷೆಯ ಆಯ್ಕೆ ಬೇರೆ ಇರಬೇಕು. 2022ರ ಆಂಡ್ರಾಯ್ಡ್ 13ರಿಂದ, ಈ ಸೌಲಭ್ಯವಿರುವ ಆ್ಯಪ್‌ಗಳಿಗೆ ಬೇರೆ ಬೇರೆ ಭಾಷೆ ಕೊಡಬಹುದು. ಆ ಆವೃತ್ತಿಗಳಲ್ಲಿ ಭಾಷೆಯ ಪುಟಕ್ಕೆ ಹೋದರೆ ಫೋನಿನ ಭಾಷೆಗೆ 系统语言, ಆ್ಯಪ್‌ಗಳ ಭಾಷೆಗೆ 应用语言 ಎಂಬ ಎರಡು ಸಾಲುಗಳು ಸಿಗುತ್ತವೆ. ಇಡೀ ಫೋನ್ ಬದಲಿಸಬೇಕಾದಾಗ ಎರಡನೆಯದನ್ನು ಒತ್ತಿ ದಿಕ್ಕು ತಪ್ಪುವವರೂ ಇದ್ದಾರೆ: ಒಳಗೆ ಆ್ಯಪ್‌ಗಳ ಚಿತ್ರಗಳ ಸಾಲು ಕಂಡರೆ ಅದು ಬೇರೆ ಪುಟ, ಹಿಂದಕ್ಕೆ ಬರಬೇಕು. ಒಂದೇ ಆ್ಯಪ್ ಸರಿಪಡಿಸಬೇಕಾದವರು ಮಾತ್ರ ಅಲ್ಲಿಗೇ ಹೋಗಿ, ಆ ಆ್ಯಪ್‌ನ ಚಿತ್ರ ಒತ್ತಿ, ಫೋನಿನ ಭಾಷೆಯನ್ನೇ ಅನುಸರಿಸುವ ಮೊದಲ ಆಯ್ಕೆಯನ್ನು ಹಿಡಿಯಬೇಕು. ಗೂಗಲ್‌ನ ಜಾಲಪುಟಗಳು ಚೀನೀಯಲ್ಲಿ ತೆರೆದುಕೊಂಡರೆ ಅದು ಫೋನಿನದಲ್ಲ, ಗೂಗಲ್ ಖಾತೆಯ ಭಾಷೆ, myaccount.google.com/language ಎಂಬಲ್ಲಿ ಬದಲಿಸಬಹುದು.

ಕೀಬೋರ್ಡ್ ಮಾತ್ರ ಚೀನೀಯಲ್ಲಿದ್ದರೆ ಗೂಗಲ್ ಕೀಬೋರ್ಡ್‌ನ ಸ್ಪೇಸ್ ಪಟ್ಟಿಯನ್ನು ಒತ್ತಿಹಿಡಿಯಬೇಕು. ಇರುವ ಕೀಬೋರ್ಡ್‌ಗಳ ಪಟ್ಟಿ ತೆರೆದುಕೊಳ್ಳುತ್ತದೆ, ಅದರಲ್ಲಿ ಕನ್ನಡವೋ ಇಂಗ್ಲಿಷೋ ಇದ್ದರೆ ಒತ್ತಿದರಾಯಿತು. ಪಟ್ಟಿಯಲ್ಲಿ ಚೀನೀ ಒಂದೇ ಇದ್ದರೆ ಕೀಬೋರ್ಡ್‌ನ ಸೆಟ್ಟಿಂಗ್ಸ್‌ಗೆ ಹೋಗಿ ಭಾಷೆ ಸೇರಿಸಬೇಕು, ಫೋನಿನ ಮೆನು ಈಗಾಗಲೇ ಕನ್ನಡವಾಗಿರುವುದರಿಂದ ಅದನ್ನು ಅಮ್ಮನಿಗೆ ಫೋನಿನಲ್ಲೇ ಓದಿ ಹೇಳಬಹುದು.